ಬಟ್ಟೆಯ ಚೂರಿಗೆ ಗೋಡೆಯ ಬಣ್ಣ ಹೊಂದುವುದೇ?

ಸೀರೆಗೆ ಒಪ್ಪುವ ರವಿಕೆ ಕಣ ಕೊಳ್ಳಲು ಹೋದ ಹೆಂಗಸರನ್ನು ನೀವು ನೋಡಿರಬಹುದು. ಅಂಗಡಿಯೊಳಗೆ ಹತ್ತಾರು ಕಣಗಳನ್ನು ಬಿಡಿಸಿ ಹಾಕಿಸಿ, ಒಂದನ್ನು ಒಪ್ಪಿದ ಮೇಲೂ ಅವರು ದುಡ್ಡು ಎಣಿಸುವುದಿಲ್ಲ. ಸೀರೆಯ ಸೆರಗನ್ನೂ ಆ ಕಣವನ್ನೂ ಹಿಡಿದು ಬಾಗಿಲಾಚೆ ಬೀದಿಗೆ ಬಂದು ಬೆಳಕಿಗೆ ಒಡ್ಡಿ ನೋಡುತ್ತಾರೆ. ಒಳಗೆ ಒಂದೇ ಎನ್ನಿಸಿದ ಎರಡು ಬಣ್ಣಗಳು ಹೊರಗೆ ಬೇರೆ ಬೇರೆಯಾಗಿ ಕಾಣುವುದು ಅವರಿಗೆ ಅನುಭವದಿಂದ ಗೊತ್ತು. ಅಂಗಡಿಯವನಿಗೂ ಗೊತ್ತು, ಆದ್ದರಿಂದಲೇ ಅವನು ಬೇಸರಪಟ್ಟುಕೊಳ್ಳುವುದಿಲ್ಲ.

ವಿಚಿತ್ರವೆಂದರೆ, ಮೀಟರಿಗಿಂತ ಕಡಿಮೆ ಉದ್ದದ ಒಂದು ಕಣಕ್ಕೆ ಇಷ್ಟು ಎಚ್ಚರ ವಹಿಸುವ ನಾವು, ಮನೆಯ ಗೋಡೆಗೆ ಹತ್ತು ಲೀಟರ್ ಬಣ್ಣ ಕೊಳ್ಳುವಾಗ ಅದನ್ನು ಮರೆತುಬಿಡುತ್ತೇವೆ. ಕಣವನ್ನಾದರೆ ಬದಲಾಯಿಸಿ ಕೊಟ್ಟಾರು. ಒಮ್ಮೆ ಯಂತ್ರಕ್ಕಿಟ್ಟು ಬಣ್ಣದ ಹನಿ ಬೆರೆಸಿದ ಡಬ್ಬವನ್ನು ಸಾಮಾನ್ಯವಾಗಿ ಯಾವ ಅಂಗಡಿಯೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಸಕಲೇಶಪುರದಿಂದ ಮಂಗಳೂರಿನತ್ತ ಹೊರಟರೆ ಶಿರಾಡಿ ಘಾಟಿ ಇಳಿಯುವ ಮೊದಲು ಮಾರನಹಳ್ಳಿ ಸಿಗುತ್ತದೆ. ಅಲ್ಲಿನ ಒಂದು ಮನೆಯನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ. ಮುಂದಿನ ಕೋಣೆಗೆ ಎರಡು ಕಿಟಕಿ, ಎರಡೂ ಕಾಫಿ ತೋಟದ ಕಡೆಗೆ. ನೆಲಕ್ಕೆ ಹಳೆಯ ಕಾಲದ ಕೆಂಪು ಗಾರೆ. ಮಾಡಿನಿಂದ ಇಳಿಬಿಟ್ಟ ಹಳೆಯ ತಂತಿ ಬಲ್ಬು ಒಂದು. ಅಜ್ಜಿಯ ಬೂದು ಮಿಶ್ರಿತ ಹಸಿರು ಹತ್ತಿ ಸೀರೆಯನ್ನು ಕತ್ತರಿಸಿ ಕಿಟಕಿಗೆ ಪರದೆ, ಕುರ್ಚಿಗಳಿಗೆ ದಿಂಬು ಹೊಲಿಸಿದ್ದಾರೆ. ಗೋಡೆಯೂ ಅದೇ ಬಣ್ಣದ್ದಿರಲಿ ಎಂಬುದು ಮನೆಯೊಡತಿಯ ಆಸೆ. ಮಿಕ್ಕ ಸೀರೆಯಿಂದ ಬೆಂಕಿಪೊಟ್ಟಣದಷ್ಟು ಚೂರು ಕತ್ತರಿಸಿ, ಪಿಯುಸಿ ಓದುವ ಮಗಳನ್ನೂ ಕರೆದುಕೊಂಡು ಪೇಟೆಯ ಬಣ್ಣದಂಗಡಿಗೆ ಹೋಗುತ್ತಾರೆ. ಅಂಗಡಿಯವರು ಬೀಸಣಿಗೆಯಂತೆ ಬಿಚ್ಚುವ ಶೇಡ್ ಕಾರ್ಡ್ ತೆಗೆದು, ಎಲ್‌ಇಡಿ ಟ್ಯೂಬಿನ ಕೆಳಗೆ ಚೂರನ್ನು ಒಂದೊಂದೇ ಪಟ್ಟಿಯ ಮೇಲಿಟ್ಟು ನೋಡುತ್ತಾರೆ. ಒಂದು ಪಟ್ಟಿ ಚೂರಿನ ಜೊತೆ ಕರಗಿಹೋದಂತೆ ಹೊಂದುತ್ತದೆ. ಹತ್ತು ಲೀಟರ್ ಎಮಲ್ಷನ್ ಬೆರೆಸಿ ಕೊಡುತ್ತಾರೆ.

ಮೇಸ್ತ್ರಿ ಒಂದು ಗೋಡೆಗೆ ಎರಡು ಕೋಟ್ ಬಳಿದು ಮುಗಿಸಿದಾಗ ಮನೆಯವರಿಗೆ ಕಾಣುವುದು ಬೇರೆಯೇ ಬಣ್ಣ. ಹಗಲಿನಲ್ಲಿ ಗೋಡೆ ಎದ್ದು ಹೊಡೆಯುವ ಹಸಿರು. ಸಂಜೆ ಬಲ್ಬು ಹಾಕಿದರಂತೂ ದಿಂಬು ಕಂದು ಛಾಯೆಗೆ ತಿರುಗುತ್ತದೆ, ಗೋಡೆ ಮಾತ್ರ ಹಸಿರಾಗಿಯೇ ಉಳಿಯುತ್ತದೆ.

“ಮೇಸ್ತ್ರಿ, ಇದು ನಾವು ಆರಿಸಿದ ಬಣ್ಣ ಅಲ್ಲ ಕಣ್ರೀ.”

“ಡಬ್ಬದ ಮೇಲೆ ನಂಬರ್ ನೋಡಿ ಅಮ್ಮಾ, ಅದೇ ಇದೆ.”

ಇಬ್ಬರು ಹೇಳುವುದೂ ನಿಜ. ಅಂಗಡಿಯವರು ಮೋಸ ಮಾಡಿಲ್ಲ, ಮೇಸ್ತ್ರಿ ನೀರು ಹೆಚ್ಚು ಹಾಕಿಲ್ಲ. ತಪ್ಪಿದ್ದು ಎರಡು ಕಡೆ: ಒಂದು ಬೆಳಕಿನಲ್ಲಿ, ಇನ್ನೊಂದು ಚೂರಿನ ಗಾತ್ರದಲ್ಲಿ.

ಒಂದೇ ಬಣ್ಣ, ಎರಡು ದಾರಿ

ನಮ್ಮ ಕಣ್ಣು ಬಣ್ಣವನ್ನು ಅಳೆಯುವ ರೀತಿ ಸ್ವಲ್ಪ ಒರಟು. ಸುಮಾರು 400ರಿಂದ 700 ನ್ಯಾನೋಮೀಟರ್ ತರಂಗದೂರದ ಬೆಳಕೆಲ್ಲ ಅಕ್ಷಿಪಟಲದ ಮೂರೇ ಬಗೆಯ ಶಂಕುಕೋಶಗಳ ಮೂಲಕ ಮಿದುಳಿಗೆ ಹೋಗಬೇಕು. ಮಿದುಳಿಗೆ ಸಿಗುವುದು ಮೂರು ಅಂಕಿಗಳು ಮಾತ್ರ. ಎರಡು ವಸ್ತುಗಳಿಂದ ಬರುವ ಬೆಳಕಿನ ರೋಹಿತ ಬೇರೆ ಬೇರೆಯಾಗಿದ್ದರೂ ಆ ಮೂರು ಅಂಕಿಗಳು ಒಂದೇ ಆದರೆ ನಮಗೆ ಎರಡೂ ಒಂದೇ ಬಣ್ಣ. ಒಟ್ಟು ಅಂಕ ಸಮನಾಗಿರುವ ಇಬ್ಬರು ವಿದ್ಯಾರ್ಥಿಗಳಲ್ಲಿ ಒಬ್ಬ ಗಣಿತದಲ್ಲಿ, ಇನ್ನೊಬ್ಬ ಕನ್ನಡದಲ್ಲಿ ಹೆಚ್ಚು ಪಡೆದಿರಬಹುದಲ್ಲ, ಹಾಗೆ. ಗಣಿತದ ಅಂಕ ಮಾತ್ರ ನೋಡುವ ಕಾಲೇಜಿಗೆ ಹೋದರೆ ಇಬ್ಬರ ನಡುವಿನ ಅಂತರ ಬಯಲಾಗುತ್ತದೆ.

ಬಟ್ಟೆ ಮತ್ತು ಗೋಡೆಯ ವಿಷಯದಲ್ಲಿ ಆಗುವುದೂ ಇದೇ. ಬಟ್ಟೆಗೆ ಹಾಕುವುದು ನೂಲಿನೊಳಗೆ ಇಳಿಯುವ ಡೈ. ಗೋಡೆಯ ಬಣ್ಣದಲ್ಲಿರುವುದು ಬಿಳಿಯ ಟೈಟಾನಿಯಂ ಡೈಆಕ್ಸೈಡ್ ಜೊತೆ ಬೆರೆಸಿದ, ಕರಗದ ನುಣ್ಣನೆಯ ವರ್ಣದ್ರವ್ಯದ ಕಣಗಳು. ಬೂದುಹಸಿರು ಬರಬೇಕಾದರೆ ಸಾಮಾನ್ಯವಾಗಿ ಥ್ಯಾಲೋ ಹಸಿರು, ಹಳದಿ ಕಬ್ಬಿಣದ ಆಕ್ಸೈಡ್ ಮತ್ತು ಒಂದಿಷ್ಟು ಕಪ್ಪು. ಥ್ಯಾಲೋ ಹಸಿರು ಕೆಂಪು ಬೆಳಕನ್ನು ಬಲವಾಗಿ ನುಂಗಿಬಿಡುತ್ತದೆ. ಹತ್ತಿಗೆ ಹಾಕುವ ಅನೇಕ ಹಸಿರು, ನೀಲಿ ಡೈಗಳು ಹಾಗಲ್ಲ. 650 ನ್ಯಾನೋಮೀಟರಿನಾಚೆಯ ಕಡುಗೆಂಪನ್ನು ಅವು ಸಾಕಷ್ಟು ಹಿಂದಕ್ಕೆ ಕಳಿಸುತ್ತವೆ. ಬಟ್ಟೆಯ ಹಸಿರಿನ ಹಿಂದೆ ಹೀಗೆ ಕೆಂಪಿನ ಬಾಲವೊಂದು ಅಡಗಿರುತ್ತದೆ.

ಅಂಗಡಿಯ ಎಲ್‌ಇಡಿ ಟ್ಯೂಬಿನ ಬೆಳಕಿನಲ್ಲಿ 450ರ ಸುತ್ತ ನೀಲಿಯ ಶಿಖರ, ನಡುವೆ ಹಳದಿ–ಹಸಿರಿನ ಅಗಲವಾದ ದಿಬ್ಬ ಇರುತ್ತವೆ. 650ರಾಚೆ ಅದು ತುಂಬ ಕ್ಷೀಣ. ಕೆಂಪಿನ ಬಾಲಕ್ಕೆ ಅಲ್ಲಿ ಬೆಳಕೇ ಬೀಳುವುದಿಲ್ಲ, ಆದ್ದರಿಂದ ಅದು ಕಾಣಲಿಲ್ಲ. ಹಗಲ ಬೆಳಕಿನಲ್ಲಿ ಕಡುಗೆಂಪು ಸಾಕಷ್ಟಿದೆ, ತಂತಿ ಬಲ್ಬಿನಲ್ಲಂತೂ ಅದರದೇ ದರ್ಬಾರು. ಮನೆಗೆ ಬಂದ ಕೂಡಲೇ ಬಾಲ ಬೆಳಗಿತು. ಬಟ್ಟೆ ಕಂದಿನತ್ತ ವಾಲಿತು. ನುಂಗಲು ಕುಳಿತಿದ್ದ ಥ್ಯಾಲೋ ಹಸಿರು ಗೋಡೆಯನ್ನು ಹಸಿರಾಗಿಯೇ ಉಳಿಸಿತು. ಒಂದು ಬೆಳಕಿನಲ್ಲಿ ಹೊಂದಿ ಇನ್ನೊಂದರಲ್ಲಿ ಅಗಲುವ ಈ ಗುಣಕ್ಕೆ ಮೆಟಾಮೆರಿಸಂ ಎನ್ನುತ್ತಾರೆ. ಬೂದುಹಸಿರು, ಬೂದು, ಕಂದು ಬಣ್ಣಗಳು ಇದಕ್ಕೆ ಹೆಚ್ಚು ಬಲಿಯಾಗುತ್ತವೆ, ಏಕೆಂದರೆ ಅವನ್ನು ಹಲವು ದ್ರವ್ಯಗಳಿಂದ ಹಲವು ರೀತಿಯಲ್ಲಿ ತಯಾರಿಸಬಹುದು.

ಕೆಲವು ಅಂಗಡಿಗಳಲ್ಲಿ ಬಟ್ಟೆಯ ಬಣ್ಣ ಓದುವ ಸ್ಪೆಕ್ಟ್ರೋಫೋಟೋಮೀಟರ್ ಎಂಬ ಉಪಕರಣ ಇರುತ್ತದೆ. ಅದು ಕಣ್ಣಿನಂತೆ ಮೂರು ಅಂಕಿಗಳಿಗೆ ತೃಪ್ತಿಪಡುವುದಿಲ್ಲ. ಬೆಳಕನ್ನು ತರಂಗದೂರದ ಪ್ರಕಾರ ಬಿಡಿಸಿ ಒಂದೊಂದು ತುಣುಕಿನಲ್ಲೂ ಎಷ್ಟು ಪ್ರತಿಫಲಿಸಿತೆಂದು ಅಳೆಯುತ್ತದೆ. ಅದರಿಂದ ಯಾವ ಬೆಳಕಿನಲ್ಲಿ ಎಷ್ಟು ಅಂತರ ಬಂದೀತೆಂದು ಮೊದಲೇ ಲೆಕ್ಕ ಹಾಕಬಹುದು. ಆದರೆ ಅಂತರವನ್ನು ಪೂರ್ತಿ ಇಲ್ಲವಾಗಿಸಲು ಅದಕ್ಕೂ ಸಾಧ್ಯವಿಲ್ಲ. ಡಬ್ಬಕ್ಕೆ ಬೀಳುವುದು ಅದೇ ನಾಲ್ಕೈದು ವರ್ಣದ್ರವ್ಯಗಳು ತಾನೆ? ಜೊತೆಗೆ ಒಂದು ಸಣ್ಣ ತಪ್ಪು ಪದೇ ಪದೇ ಆಗುತ್ತದೆ. ತೆಳು ಬಟ್ಟೆಯನ್ನು ಒಂದೇ ಪದರವಾಗಿ ಇಟ್ಟರೆ ಉಪಕರಣದ ಬೆಳಕು ಅದನ್ನು ದಾಟಿ ಹಿಂದಿರುವ ಬಿಳಿ ಕಾಗದವನ್ನೂ ಓದಿಬಿಡುತ್ತದೆ, ಬಣ್ಣ ತಿಳಿಯಾಗಿ ಬರುತ್ತದೆ. ನಾಲ್ಕು ಮಡಿಕೆ ಮಾಡಿ ಇಡಬೇಕು. ಬೆಂಕಿಪೊಟ್ಟಣದಷ್ಟು ಚೂರನ್ನು ನಾಲ್ಕು ಮಡಿಸಿದರೆ ಏನೂ ಉಳಿಯುವುದಿಲ್ಲ. ಆದ್ದರಿಂದ ಅಂಗೈಯಗಲದ ತುಂಡು ಒಯ್ಯುವುದು ಲೇಸು. ಇಳಕಲ್ ಸೀರೆಯಂತೆ ಹಾಸಿಗೆ ಒಂದು ಬಣ್ಣ, ಹೊಕ್ಕಿಗೆ ಇನ್ನೊಂದು ಬಣ್ಣ ಇರುವ ಬಟ್ಟೆಯಾದರೆ ಉಪಕರಣ ಎರಡರ ಸರಾಸರಿ ಹೇಳುತ್ತದೆ. ಕಣ್ಣಿಗೆ ಆ ಸರಾಸರಿ ಎಲ್ಲೂ ಕಾಣುವುದಿಲ್ಲ.

ಗೋಡೆಗೆ ಗೋಡೆ ಕನ್ನಡಿ

ಮಗಳು ಕಾಲೇಜಿನಿಂದ ಬಂದು ಒಂದು ಪ್ರಯೋಗ ಮಾಡುತ್ತಾಳೆನ್ನಿ. ತಂತಿ ಬಲ್ಬು ತೆಗೆದು ಅಂಗಡಿಯ ಟ್ಯೂಬಿನಂಥದೇ ಬಿಳಿ ಎಲ್‌ಇಡಿ ಬಲ್ಬು ಹಾಕಿ, ರಾತ್ರಿ ಚೂರನ್ನು ಗೋಡೆಗೆ ಒತ್ತಿ ಹಿಡಿಯುತ್ತಾಳೆ. ಅದು ಹೊಂದುತ್ತದೆ! ಆದರೆ ನಾಲ್ಕು ಹೆಜ್ಜೆ ಹಿಂದೆ ಸರಿದು ಕೋಣೆಯನ್ನು ಒಟ್ಟಾಗಿ ನೋಡಿದರೆ ಗೋಡೆ ಈಗಲೂ ಅಂಗಡಿಯಲ್ಲಿ ಕಂಡದ್ದಕ್ಕಿಂತ ಗಾಢ. ಬೆಳಕಿನ ಬಣ್ಣ ಸರಿಹೋದ ಮೇಲೆ ಉಳಿದ ಈ ವ್ಯತ್ಯಾಸ ಎಲ್ಲಿಂದ ಬಂತು?

ಅಂಗಡಿಯಲ್ಲಿ ಕಾರ್ಡಿನ ಮೇಲೆ ಬಿದ್ದ ಬೆಳಕು ಒಮ್ಮೆ ಪ್ರತಿಫಲಿಸಿ ನೇರ ಕಣ್ಣಿಗೆ ಬಂತು. ಕೋಣೆಯಲ್ಲಿ ಹಾಗಿಲ್ಲ. ಎಲ್ಲ ಗೋಡೆಗಳಿಗೂ ಒಂದೇ ಬಣ್ಣ ಬಳಿದರೆ ಒಂದು ಗೋಡೆಯಿಂದ ಹೊರಟ ಬೆಳಕು ಎದುರು ಗೋಡೆಗೆ ಬಡಿದು, ಅಲ್ಲಿಂದ ಮತ್ತೆ ಈಚೆಗೆ ಬರುತ್ತದೆ. ಪ್ರತಿ ಸಲವೂ ಅದು ಇನ್ನಷ್ಟು ಹಸಿರಾಗುತ್ತದೆ. ಒಂದು ಗೋಡೆಗೆ ಬಳಿದಾಗಲೇ ಮೂಲೆಯಲ್ಲಿ ಇದು ಕಾಣತೊಡಗುತ್ತದೆ. ನಾಲ್ಕೂ ಗೋಡೆ ಮುಗಿದರೆ ಕೇಳುವುದೇ ಬೇಡ.

ಇದನ್ನು ಲೆಕ್ಕದಲ್ಲಿ ನೋಡಬಹುದು. ಬಣ್ಣದ ಪಟ್ಟಿಯು ತನ್ನ ಮೇಲೆ ಬಿದ್ದ ಹಸಿರು ಬೆಳಕಿನಲ್ಲಿ ಶೇ 50, ಕೆಂಪಿನಲ್ಲಿ ಶೇ 40 ಹಿಂದಕ್ಕೆ ಕಳಿಸುತ್ತದೆ ಎನ್ನೋಣ. ಹಸಿರಿಗೂ ಕೆಂಪಿಗೂ ಅನುಪಾತ 1.25. ಎರಡು ಗೋಡೆಗೆ ಬಡಿದು ಬಂದ ಬೆಳಕಿನಲ್ಲಿ ಹಸಿರು ಶೇ 25, ಕೆಂಪು ಶೇ 16, ಅನುಪಾತ 1.56. ಕೋಣೆಯಲ್ಲಿ ಕಾಣುವುದು ಒಮ್ಮೆ ಬಡಿದದ್ದು, ಎರಡು ಸಲ ಬಡಿದದ್ದು, ಮೂರು ಸಲ ಬಡಿದದ್ದು ಎಲ್ಲ ಕೂಡಿದ ಬೆಳಕು. ಗೋಡೆಯಿಂದ ಹೊರಟದ್ದರಲ್ಲಿ ಅರ್ಧ ಮಾತ್ರ ಮತ್ತೆ ಗೋಡೆಗೆ ಬೀಳುತ್ತದೆ, ಉಳಿದರ್ಧ ಕಿಟಕಿಯಾಚೆಗೋ ನೆಲ–ಮಾಡುಗಳಿಗೋ ಹೋಗಿ ಕಳೆದುಹೋಗುತ್ತದೆ ಎಂದು ಹಿಡಿದು ಗುಣೋತ್ತರ ಶ್ರೇಢಿಯನ್ನು ಕೂಡಿದರೆ ಒಟ್ಟು ಅನುಪಾತ ಸುಮಾರು 1.33 ಬರುತ್ತದೆ. ಪಿಯುಸಿ ವಿದ್ಯಾರ್ಥಿಗಳು ಕೂಡಿ ನೋಡಲಿ. ಕಾರ್ಡಿನಲ್ಲಿ 1.25 ಇದ್ದದ್ದು ಕೋಣೆಯಲ್ಲಿ 1.33 ಆಯಿತು, ಕಣ್ಣಿಗೆ ಇದು ತಿಳಿಯುವಷ್ಟು ದೊಡ್ಡ ಬದಲಾವಣೆ.

ಈಗ ಅದೇ ಎಮಲ್ಷನ್ನಿಗೆ ಅಷ್ಟೇ ಪ್ರಮಾಣದ ಬಿಳಿ ಬೇಸ್ ಸೇರಿಸಿ ಬಣ್ಣದ ಬಲವನ್ನು ಅರ್ಧ ಮಾಡಿದರೇನು? ಪ್ರತಿಫಲನ ಇಮ್ಮಡಿಯಾಗುವುದಿಲ್ಲ. ಬಣ್ಣದ ಪದರದೊಳಗೆ ಬೆಳಕು ಎಷ್ಟು ಚದುರುತ್ತದೆ, ಎಷ್ಟು ಹೀರಿಕೆಯಾಗುತ್ತದೆ ಎಂಬುದನ್ನು ಕೂಡಿಸಿ 1931ರಲ್ಲಿ ಕುಬೆಲ್ಕಾ ಮತ್ತು ಮುಂಕ್ ಎಂಬಿಬ್ಬರು ಒಂದು ಸೂತ್ರ ಕೊಟ್ಟರು. ಬಣ್ಣದ ಯಂತ್ರಗಳ ಲೆಕ್ಕಕ್ಕೆ ಇಂದಿಗೂ ಅದೇ ತಳಹದಿ. ಆ ಪ್ರಕಾರ ಹಸಿರಿನ ಪ್ರತಿಫಲನ ಸುಮಾರು ಶೇ 61, ಕೆಂಪಿನದು ಶೇ 52 ಆಗುತ್ತದೆ. ಕಾರ್ಡಿನ ಮೇಲೆ ಅನುಪಾತ 1.18, ಅಂದರೆ ಚೂರಿನ ಪಕ್ಕದಲ್ಲಿ ಪೇಲವ. ಆದರೆ ಅದೇ ಕೋಣೆಯಲ್ಲಿ ಬಡಿದಾಡಿ ಬಂದ ಮೇಲೆ 1.26. ಚೂರಿನ 1.25ರ ಪಕ್ಕದಲ್ಲೇ ಬಂದು ನಿಂತಿತು. ಕೈಯಲ್ಲಿ ಪೇಲವವಾಗಿ ಕಂಡದ್ದು ಗೋಡೆಯ ಮೇಲೆ ಸರಿಹೋಗುತ್ತದೆ.

ಅನುಭವಸ್ಥ ಮೇಸ್ತ್ರಿಗಳು “ಕಾರ್ಡಿಗಿಂತ ಒಂದು ಮೆಟ್ಟಿಲು ತಿಳಿ ತಗೊಳ್ಳಿ” ಎನ್ನುವುದರ ಗುಟ್ಟು ಇದು. ಗಿರಾಕಿಗಳು ಅದನ್ನು ಬಣ್ಣ ಉಳಿಸುವ ಉಪಾಯ ಎಂದು ಸಂಶಯಪಡುವುದೂ ಉಂಟು. ಈ ಉಪಾಯಕ್ಕೆ ಒಂದು ಮಿತಿಯಿದೆ: ಬಣ್ಣದ ಛಾಯೆ ಹೊಂದಿದರೂ ಗೋಡೆ ಬಟ್ಟೆಗಿಂತ ತುಸು ಬೆಳ್ಳಗೇ ಇರುತ್ತದೆ. ತೋಟದ ನೆರಳಿನಿಂದ ಮಬ್ಬಾಗಿರುವ ಮಲೆನಾಡಿನ ಕೋಣೆಗೆ ಅದು ಹಾನಿಯೇನಲ್ಲ.

ಚಿಕ್ಕ ಚೂರು ಮೋಸ ಮಾಡುವುದಕ್ಕೆ ಕಣ್ಣಿನ ರಚನೆಯೂ ಒಂದು ಕಾರಣ. ಕೈ ಚಾಚಿ ಹೆಬ್ಬೆರಳನ್ನು ನೋಡಿದರೆ ಅದರ ಅಗಲ ಕಣ್ಣಿನಲ್ಲಿ ಸುಮಾರು 2 ಡಿಗ್ರಿ ಕೋನ ಮಾಡುತ್ತದೆ. ಅಷ್ಟು ಚಿಕ್ಕ ವಸ್ತುವಿನ ಬಿಂಬ ಅಕ್ಷಿಪಟಲದ ನಡುವಿನ ಹಳದಿ ಚುಕ್ಕೆಯ ಮೇಲೆ ಬೀಳುತ್ತದೆ, ಅಲ್ಲಿನ ಹಳದಿ ದ್ರವ್ಯ ನೀಲಿಯನ್ನು ಸ್ವಲ್ಪ ಸೋಸಿಬಿಡುತ್ತದೆ. ಗೋಡೆಯ ಬಿಂಬ ಆ ಚುಕ್ಕೆಯನ್ನು ದಾಟಿ ಹರಡುತ್ತದೆ. ಅಂತರರಾಷ್ಟ್ರೀಯ ಬೆಳಕಿನ ಆಯೋಗ 1931ರಲ್ಲಿ ಬಣ್ಣದ ಅಳತೆಗೆ ನಿಗದಿ ಮಾಡಿದ್ದು 2 ಡಿಗ್ರಿಯ ನೋಟ. ದೊಡ್ಡ ಮೇಲ್ಮೈಗಳಿಗೆ ಅದು ಸಾಲದೆಂದು 1964ರಲ್ಲಿ 10 ಡಿಗ್ರಿಯ ಇನ್ನೊಂದು ಕೋಷ್ಟಕವನ್ನು ಸೇರಿಸಬೇಕಾಯಿತು.

ಹಲಗೆಯ ಪರೀಕ್ಷೆ

ಹಾಗಾದರೆ ಮಾರನಹಳ್ಳಿಯ ಆ ಮನೆಯವರು ಮಾಡಬೇಕಾದದ್ದೇನು? ಗೋಡೆಗೆ ಕೈಹಾಕುವ ಮೊದಲು ಎರಡಡಿ ಉದ್ದ, ಎರಡಡಿ ಅಗಲದ ಪ್ಲೈವುಡ್ ಹಲಗೆಗಳಿಗೆ ಬಿಳಿ ಪ್ರೈಮರ್ ಹಾಕಿ ಬಣ್ಣ ಬಳಿದು ನೋಡಬೇಕು. ಹಳೆಯ ಗೋಡೆಯ ಮೇಲೆಯೇ ಒಂದು ಚೌಕ ಬಳಿದು ನೋಡುವ ರೂಢಿಯಿದೆ. ಅದರಲ್ಲಿ ಸುತ್ತಲಿನ ಹಳೆಯ ಬಣ್ಣ ಕಣ್ಣನ್ನು ಕೆಡಿಸುತ್ತದೆ. ಹಲಗೆಯಾದರೆ ಕಿಟಕಿಯ ಪಕ್ಕ, ಕತ್ತಲೆ ಮೂಲೆ, ಕೆಂಪು ನೆಲದ ಹತ್ತಿರ ಎಲ್ಲ ಕಡೆಗೂ ಎತ್ತಿಕೊಂಡು ಹೋಗಬಹುದು.

ಮೊದಲ ಹಲಗೆಗೆ ಅಂಗಡಿಯಿಂದ ತಂದ ಬಣ್ಣ. ಎರಡನೆಯದಕ್ಕೆ ಆ ಬಣ್ಣ 100 ಮಿಲಿಲೀಟರ್, ಅದೇ ಕಂಪನಿಯ ಅದೇ ಹೆಸರಿನ ಬಿಳಿ ಬೇಸ್ 100 ಮಿಲಿಲೀಟರ್. ಮೂರನೆಯದಕ್ಕೆ ಈ ಅರ್ಧಬಲದ 200 ಮಿಲಿಲೀಟರಿಗೆ ರೆಡ್ ಆಕ್ಸೈಡ್ ಸ್ಟೈನರ್ 0.2 ಮಿಲಿಲೀಟರ್. ಹಗಲಿನಲ್ಲಿ ಬಟ್ಟೆಯ ಕೆಂಪಿನ ಬಾಲಕ್ಕೆ ತುಸು ಜೊತೆ ಕೊಡಲು ಈ ಕೆಂಪು. ಹನಿ ಎಣಿಸಬಾರದು, ಸ್ಟೈನರ್ ಮಂದವಾದ್ದರಿಂದ ಹನಿಗಳು ಒಂದೇ ಸಮ ಇರುವುದಿಲ್ಲ. ಔಷಧದಂಗಡಿಯಲ್ಲಿ ಸಿಗುವ 1 ಮಿಲಿಲೀಟರ್ ಸಿರಿಂಜನ್ನು ಸೂಜಿಯಿಲ್ಲದೆ ಬಳಸಿದರೆ ಅಳತೆ ನಿಖರ. ಪ್ರತಿ ಹಲಗೆಯ ಬೆನ್ನಿಗೆ ಪ್ರಮಾಣವನ್ನು ಬರೆದಿಡಬೇಕು.

ಎರಡು ಕೋಟ್ ಬಳಿದು ಮರುದಿನದವರೆಗೆ ಕಾಯಬೇಕು. ಹಸಿ ಎಮಲ್ಷನ್ ಹಾಲಿನಂತೆ ತಿಳಿಯಾಗಿ ಕಾಣುತ್ತದೆ, ಏಕೆಂದರೆ ನೀರಿನಲ್ಲಿ ತೇಲುವ ಪಾಲಿಮರ್ ಕಣಗಳೂ ಬೆಳಕನ್ನು ಚದುರಿಸುತ್ತಿರುತ್ತವೆ. ನೀರು ಆರಿ ಅವು ಒಂದಾಗಿ ಪಾರಕವಾದಾಗ ಬಣ್ಣ ಕಡುವಾಗುತ್ತದೆ. ಸುಣ್ಣ, ಡಿಸ್ಟೆಂಪರ್‌ಗಳ ನಡವಳಿಕೆ ಇದಕ್ಕೆ ತದ್ವಿರುದ್ಧ: ಹಸಿಯಿದ್ದಾಗ ಗಾಢ, ಒಣಗಿದಾಗ ತಿಳಿ. ಕಣಗಳ ನಡುವೆ ನೀರಿದ್ದ ಜಾಗಕ್ಕೆ ಗಾಳಿ ಬಂದು ಬೆಳಕು ಹೆಚ್ಚು ಚದುರುವುದೇ ಕಾರಣ. ಡಿಸ್ಟೆಂಪರ್ ಕಾಲದ ಅಂದಾಜಿನಲ್ಲಿ ಎಮಲ್ಷನ್ನನ್ನು ನೋಡಿ, ಹಸಿ ಇರುವಾಗಲೇ “ತಿಳಿಯಾಯಿತು, ಇನ್ನಷ್ಟು ಸ್ಟೈನರ್ ಹಾಕಿ” ಎಂದವರು ಮರುದಿನ ಪೇಚಾಡುತ್ತಾರೆ. ಮಳೆಗಾಲದಲ್ಲಿ ಘಾಟಿಯಂಚಿನ ಮನೆಗಳ ಗೋಡೆ ಆರುವುದೇ ಇಲ್ಲ. ತೇವದ ಗೋಡೆಯ ಮೇಲೆ ಬಣ್ಣದ ನಿಜರೂಪ ತಿಳಿಯುವುದೂ ಇಲ್ಲ, ಪದರ ನಿಲ್ಲುವುದೂ ಇಲ್ಲ. ಡಿಸೆಂಬರಿನಿಂದ ಮಾರ್ಚಿಯವರೆಗಿನ ಒಣ ಹವೆಯೇ ಈ ಕೆಲಸಕ್ಕೆ ಸರಿ.

ಹಲಗೆ ಒಣಗಿದ ಮೇಲೆ ಬಟ್ಟೆಯನ್ನು ಅದರ ಮೇಲೆ ನಡುವೆ ಸಂದು ಬಿಡದೆ ಇಟ್ಟು ನೋಡಬೇಕು. ನಡುವೆ ಅಂತರವಿದ್ದರೆ ಸಣ್ಣ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಬೆಳಿಗ್ಗೆ ಹತ್ತರ ನಂತರ ಕಿಟಕಿಯ ಬಳಿ ಒಮ್ಮೆ, ರಾತ್ರಿ ದೀಪದಲ್ಲಿ ಒಮ್ಮೆ. ಬಟ್ಟೆ ಎಡಕ್ಕಿದ್ದಾಗ ಒಮ್ಮೆ ನೋಡಿ, ಹಲಗೆಯೊಂದಿಗೆ ಎಡಬಲ ಬದಲಿಸಿ ಮತ್ತೊಮ್ಮೆ ನೋಡುವುದು ಒಳ್ಳೆಯದು. ನೂಲಿನ ನೆರಳು ಬೀಳುವ ದಿಕ್ಕು ಬದಲಾದಾಗ ಬಟ್ಟೆಯೇ ಸ್ವಲ್ಪ ಬೇರೆ ಕಾಣುತ್ತದೆ.

ಫೋಟೋ ತಂದವರ ಪಾಡು

ಬಟ್ಟೆಯ ಬದಲು ಮೊಬೈಲಿನಲ್ಲಿ ಯಾವುದೋ ಕೋಣೆಯ ಚಿತ್ರ ತೋರಿಸಿ “ಇದೇ ಬಣ್ಣ ಬೇಕು” ಎನ್ನುವವರೂ ಇದ್ದಾರೆ. ಇದು ಇನ್ನೂ ಕಷ್ಟ. ಬಿಳಿಯ ವಸ್ತು ಬಿಳಿಯಾಗಿಯೇ ಕಾಣಲೆಂದು ಕ್ಯಾಮೆರಾ ಬೆಳಕಿನ ಬಣ್ಣವನ್ನು ತಾನೇ ಊಹಿಸಿ ಇಡೀ ಚಿತ್ರವನ್ನು ತಿದ್ದುತ್ತದೆ. ಕೋಣೆ ತುಂಬ ಹಸಿರೇ ಇದ್ದರೆ ಅದನ್ನು ಬೆಳಕಿನ ದೋಷವೆಂದು ತಿಳಿದು ಹಸಿರನ್ನು ತಗ್ಗಿಸುವುದೂ ಉಂಟು. ಮೇಲೆ ಪರದೆಯಿಂದ ಪರದೆಗೆ ಬಣ್ಣ ಬದಲು. 2015ರ ಫೆಬ್ರವರಿಯಲ್ಲಿ ಒಂದು ಉಡುಪಿನ ಫೋಟೋ ಜಗತ್ತಿನಾದ್ಯಂತ ಜಗಳ ಹಚ್ಚಿದ್ದು ನೆನಪಿರಬಹುದು: ಕೆಲವರಿಗೆ ಅದು ನೀಲಿ–ಕಪ್ಪು, ಕೆಲವರಿಗೆ ಬಿಳಿ–ಚಿನ್ನ. ಉಡುಪು ನಿಜವಾಗಿ ನೀಲಿ–ಕಪ್ಪು. ಯಾವ ಬೆಳಕಿನಲ್ಲಿ ತೆಗೆದದ್ದೆಂಬ ಸುಳಿವು ಚಿತ್ರದಲ್ಲಿ ಸಾಲದಿದ್ದುದರಿಂದ ನೋಡುವವರ ಮಿದುಳು ತನಗೆ ತೋಚಿದ ಬೆಳಕನ್ನು ಊಹಿಸಿಕೊಂಡಿತ್ತು.

ಆ ಕೋಣೆ ನೆಂಟರ ಮನೆಯದೇ ಆಗಿದ್ದರೆ ದಾರಿಯಿದೆ. ಶೇಡ್ ಕಾರ್ಡನ್ನು ಅಲ್ಲಿಗೇ ಒಯ್ದು ಗೋಡೆಗೆ ತಾಗಿಸಿಟ್ಟು, ಎರಡನ್ನೂ ಒಂದೇ ಚಿತ್ರದಲ್ಲಿ ತೆಗೆಯಬೇಕು. ಕ್ಯಾಮೆರಾ ಮಾಡುವ ತಿದ್ದುಪಡಿ ಆಗ ಗೋಡೆಗೂ ಕಾರ್ಡಿಗೂ ಸಮನಾಗಿ ಬೀಳುವುದರಿಂದ, ಚಿತ್ರದಲ್ಲಿ ಗೋಡೆಗೆ ಅತಿ ಹತ್ತಿರವಾಗಿ ಕಂಡ ಪಟ್ಟಿಯ ನಂಬರನ್ನು ನಂಬಬಹುದು. ಅಲ್ಲಿ ನಿಂತು ಕಣ್ಣಿನಿಂದ ನೋಡಿ ಬರೆದುಕೊಂಡು ಬಂದರೆ ಅದಕ್ಕಿಂತ ಉತ್ತಮ, ಫೋಟೋ ಸಾಕ್ಷಿಗಷ್ಟೇ. ಪತ್ರಿಕೆಯಲ್ಲಿ ಬಂದ ಚಿತ್ರವಾದರೆ ಅದರಿಂದ ಹಸಿರೋ ನೀಲಿಯೋ ತಿಳಿಯೋ ಗಾಢವೋ ಎಂಬುದನ್ನು ಮಾತ್ರ ತೆಗೆದುಕೊಂಡು ಉಳಿದದ್ದನ್ನು ಹಲಗೆಯ ಮೇಲೆ ನಿರ್ಧರಿಸಬೇಕು.

ಮಾರನಹಳ್ಳಿಯ ಕೋಣೆಗೆ ಮರಳಿದರೆ, ಹಗಲಿನಲ್ಲಿ ಗೆಲ್ಲುವುದು ಮೂರನೆಯ ಹಲಗೆ. ರಾತ್ರಿ ತಂತಿ ಬಲ್ಬಿನಡಿಯಲ್ಲಿ ಅದೂ ಬಟ್ಟೆಗಿಂತ ಹಸಿರಾಗಿಯೇ ಕಾಣುತ್ತದೆ. ಹೆಚ್ಚು ರೆಡ್ ಆಕ್ಸೈಡ್ ಹಾಕಿ ಅದನ್ನು ಸರಿಮಾಡಹೊರಟರೆ ಹಗಲಿನ ಹೊಂದಿಕೆ ಕೆಡುತ್ತದೆ. ಎರಡೂ ಹೊತ್ತಿಗೆ ಹೊಂದುವ ಬಣ್ಣ ಆ ಡಬ್ಬಗಳಲ್ಲಿಲ್ಲ. ಬಣ್ಣವನ್ನು ಹಗಲಿಗೆ ಬಿಟ್ಟು ಬಲ್ಬನ್ನು ಬದಲಾಯಿಸುವುದೇ ಅಗ್ಗದ ದಾರಿ; ಎಲ್‌ಇಡಿಯಲ್ಲಿ ಬಟ್ಟೆಯ ಕೆಂಪು ಬಾಲ ಅಡಗಿ ಅಂತರ ಬಹಳ ಕಡಿಮೆಯಾಗುತ್ತದೆ.

ಕೋಣೆಗೆ ಬೇಕಾದದ್ದು ಒಟ್ಟು 10 ಲೀಟರ್. ಮೊದಲು ತಂದ ಬಣ್ಣದಲ್ಲಿ 5 ಲೀಟರ್, ಹೊಸದಾಗಿ ಕೊಂಡ ಬಿಳಿ ಬೇಸ್ 5 ಲೀಟರ್, ರೆಡ್ ಆಕ್ಸೈಡ್ 10 ಮಿಲಿಲೀಟರ್ — ಮೂರನ್ನೂ ಒಂದೇ ದೊಡ್ಡ ಬಕೆಟ್ಟಿನಲ್ಲಿ, ಒಂದೇ ಸಲ ಕಲಸಬೇಕು. ಎರಡು ಸಲವಾಗಿ ಕಲಸಿದರೆ ಗೋಡೆಯ ನಡುವೆ ಗೆರೆ ಎದ್ದು ಕಾಣುತ್ತದೆ. ಪೂರ್ಣಬಲದ ಬಣ್ಣದಲ್ಲಿ ಒಂದು ಗೋಡೆಗೆ ಹೋಗಿ ಮಿಕ್ಕಿದ್ದನ್ನು ಹಿತ್ತಿಲ ಕಡೆ ಕಾಫಿ ಮೂಟೆ ಇಡುವ ಕೋಣೆಗೆ ಬಳಿಸಬಹುದು. ಅಲ್ಲಿಗೆ ಯಾರೂ ಬಟ್ಟೆಯ ಚೂರು ಹಿಡಿದು ಬರುವುದಿಲ್ಲ.